ಬೆಳಗಾವಿಯ ಡೆಲಿವರಿ ಹುಡುಗರ ಚೌಕಾಸಿ ಬಲ ಎಷ್ಟು?

"ಬೇಕಾದಾಗ ಲಾಗಿನ್ ಆಗ್ತಾರೆ, ಬೇಡವಾದರೆ ಮನೇಲಿರ್ತಾರೆ. ಅವರಿಗೇನು ಕಷ್ಟ?" ಡೆಲಿವರಿ ಹುಡುಗರ ಬಗ್ಗೆ ಈ ಮಾತು ಬೆಳಗಾವಿಯಲ್ಲೂ ಕೇಳಿಬರುತ್ತದೆ. ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಲಾಗೌಟ್ ಆಗುವ ಸ್ವಾತಂತ್ರ್ಯ ಬೇರೆ, ಕಂಪನಿ ಡೆಲಿವರಿಗೆ ಕೊಡುವ ದರ ಇಳಿಸದಂತೆ ತಡೆಯುವ ಬಲ ಬೇರೆ. ಆ ಬಲವನ್ನು ಅಳೆಯಲು ಬರುತ್ತದೆ. ಅದಕ್ಕೇ ಒಂದು ಸಂಶೋಧನಾ ಪ್ರಸ್ತಾವನೆ ಬರೆದಿದ್ದೇನೆ.

ಪ್ರಶ್ನೆ ಇಷ್ಟೇ. ಒಂದು ಆ್ಯಪ್‌ನ ದರ ಇಳಿದರೆ ಹುಡುಗರು ಆ ಆ್ಯಪ್‌ಗೆ ಕೊಡುವ ಗಂಟೆಗಳು ಎಷ್ಟು ಕಡಿಮೆಯಾಗುತ್ತವೆ? ಎರಡು ಆ್ಯಪ್ ಇಟ್ಟುಕೊಂಡವರಲ್ಲಿ ಈ ಇಳಿತ ಜಾಸ್ತಿಯೇ?

ಇದರ ಹಿಂದಿನ ಲೆಕ್ಕವನ್ನು 1933ರಲ್ಲೇ ಕೇಂಬ್ರಿಡ್ಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ವಿವರಿಸಿದ್ದರು. ದರ ನೂರಕ್ಕೆ 10 ಇಳಿದಾಗ ಗಂಟೆಗಳು ನೂರಕ್ಕೆ 40 ಇಳಿದವು ಅನ್ನಿ. 40ನ್ನು 10ರಿಂದ ಭಾಗಿಸಿದರೆ 4. ಇದನ್ನು e ಎನ್ನೋಣ. ಇನ್ನೊಂದು ಗಂಟೆ ಕೆಲಸದಿಂದ ಕಂಪನಿಗೆ 100 ರೂಪಾಯಿ ಹುಟ್ಟುವುದಾದರೆ, ಲಾಭ ನೋಡುವ ಕಂಪನಿ ಕೊಡುವ ಪಾಲು e/(1+e). ಅಂದರೆ 80 ರೂಪಾಯಿ. ಗಂಟೆಗಳು ಬರೀ 10 ಇಳಿದರೆ e ಒಂದಾಗುತ್ತದೆ, ಕೈಗೆ ಬರುವುದು 50. ಶಹಾಪುರ, ವಡಗಾವಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲು ಕೊಡುವ ಸಾಹುಕಾರ ಒಬ್ಬನೇ ಆದರೆ ಸೀರೆಯ ಮಜೂರಿ ಅವನು ಹೇಳಿದಷ್ಟೇ, ಅಲ್ವಾ?

ಅಳೆಯುವ ದಾರಿ ಹೀಗಿದೆ. 60 ಹುಡುಗರು, 8 ವಾರ. ದಿನದ ಕೊನೆಗೆ ಅವರ ಆ್ಯಪ್‌ನಲ್ಲೇ ಕಾಣುವ ಲಾಗಿನ್ ಗಂಟೆ ಮತ್ತು ಗಳಿಕೆಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತೇವೆ. ದರ ಬದಲಾದ ದಿನದ ಹಿಂದೆ ಮುಂದೆ, ಒಂದು ಆ್ಯಪ್‌ನವರನ್ನೂ ಎರಡು ಆ್ಯಪ್‌ನವರನ್ನೂ ಹೋಲಿಸುತ್ತೇವೆ. ಮಳೆಯ ಬೋನಸ್ಸನ್ನು ದರ ಬದಲಾವಣೆ ಎಂದು ಎಣಿಸುವ ಹಾಗಿಲ್ಲ. ಮಳೆಗೆ ಹೆದರಿ ಮನೆಯಲ್ಲಿ ಉಳಿದವನ ಲೆಕ್ಕವೂ ಅದರಲ್ಲಿ ಬೆರೆತುಹೋಗುತ್ತದೆ.

ಯಾವ ಆರ್ಡರ್ ಒಪ್ಪಿದರು, ಯಾವುದು ಬಿಟ್ಟರು ಎಂದು ಸುಮ್ನೆ ಎಣಿಸಿದರೂ ಸಾಲದು. ಇನ್ಸೆಂಟಿವ್‌ಗೆ ಎರಡೇ ಆರ್ಡರ್ ಬಾಕಿ ಇದ್ದವನು ನಷ್ಟದ್ದನ್ನೂ ಒಪ್ಪುತ್ತಾನೆ. ಹಾಗಾಗಿ ಗುರಿಗೆ ಎಷ್ಟು ಬಾಕಿ ಎಂಬುದನ್ನೂ ಬರೆದುಕೊಳ್ಳಬೇಕು. ಗುರಿ ಹತ್ತಿರವಾದಾಗ ಮಾತ್ರ ಒಪ್ಪಿಗೆ ಏರಿದರೆ, ಅದು ಇನ್ಸೆಂಟಿವ್‌ನ ಎಳೆತ, ದರಕ್ಕೆ ಸಿಕ್ಕ ಒಪ್ಪಿಗೆಯಲ್ಲ.

ಕಂಪನಿಯ ಅನುಮತಿ ಕೇಳುವುದಿಲ್ಲ. ಗಳಿಕೆಯ ವಿವರ ಹುಡುಗರದ್ದೇ. ಐಡಿ ಬ್ಲಾಕ್ ಆಗುವ ಭಯ ನಿಜವಾದದ್ದು, ಆದ್ದರಿಂದ ಹೆಸರು, ಐಡಿ, ಗ್ರಾಹಕರ ವಿಳಾಸ ಅಳಿಸಿದ ಮೇಲೇ ಚಿತ್ರ ನಮ್ಮ ಕೈಗೆ ಬರಬೇಕು. ಅವರ ಸಮಯಕ್ಕೆ ಹಣವನ್ನೂ ಕೊಡಬೇಕು.

8 ವಾರದಲ್ಲಿ ದರ ಬದಲಾಗದೇ ಹೋದರೆ? ಆಗ ಬೇರೆ ಬೇರೆ ದರ ಬರೆದ ಚೀಟಿ ತೋರಿಸಿ "ಇಷ್ಟಕ್ಕೆ ಎಷ್ಟು ಗಂಟೆ ಮಾಡ್ತೀರಿ?" ಎಂದು ಕೇಳುತ್ತೇವೆ. ಬಾಯಿಮಾತಿನ ಉತ್ತರಕ್ಕೆ ತೂಕ ಕಡಿಮೆ, ವರದಿಯಲ್ಲಿ ಅದನ್ನು ಬೇರೆಯಾಗಿಯೇ ಇಡುತ್ತೇವೆ. ಬದಲಾದರೆ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ನೆರವಿಗಿದೆ. ಷರತ್ತು ಬದಲಿಸಲು 14 ದಿನ ಮೊದಲೇ ತಿಳಿಸಬೇಕು ಎನ್ನುತ್ತದೆ ಅದು. ಆದರೆ ಸುದ್ದಿ ತಿಳಿದ ಕೂಡಲೇ ಕೆಲವರು ಇನ್ನೊಂದು ಆ್ಯಪ್‌ಗೆ ವಾಲಬಹುದು. ಆದ್ದರಿಂದ "ಮೊದಲಿನ" ಲೆಕ್ಕಕ್ಕೆ ಆ 14 ದಿನಗಳನ್ನು ಬಿಟ್ಟು, ಅದಕ್ಕೂ ಹಿಂದಿನ ವಾರಗಳನ್ನೇ ಹಿಡಿಯುತ್ತೇವೆ.