ಮಾಲೀಕರ ಬಾಡಿಗೆ, ಬಾಡಿಗೆದಾರರ ಜಿಎಸ್‌ಟಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಅಕ್ಕಪಕ್ಕ ಎರಡು ತಟ್ಟೆ ಇಡ್ಲಿ ಹೋಟೆಲುಗಳಿವೆ ಎಂದುಕೊಳ್ಳೋಣ. ಎರಡಕ್ಕೂ ಬಾಡಿಗೆ ತಿಂಗಳಿಗೆ 40,000 ರೂಪಾಯಿ. ಕಟ್ಟಡ ಮಾಲೀಕರಿಬ್ಬರ ವಾರ್ಷಿಕ ಆದಾಯ 20 ಲಕ್ಷದೊಳಗೆ ಇರುವುದರಿಂದ ಅವರಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೂ ಒಂದು ಹೋಟೆಲಿನವರು ಆ ಬಾಡಿಗೆಗೆ ತಿಂಗಳಿಗೆ 7,200 ರೂಪಾಯಿ ತೆರಿಗೆ ಕಟ್ಟಬೇಕು, ಪಕ್ಕದವರು ಕಟ್ಟಬೇಕಿಲ್ಲ.

ಮಾರುವವರ ಬದಲು ಕೊಳ್ಳುವವರೇ ಸರ್ಕಾರಕ್ಕೆ ತೆರಿಗೆ ಕಟ್ಟುವ ಈ ರಿವರ್ಸ್ ಚಾರ್ಜ್ ಜಿಎಸ್‌ಟಿಗಿಂತ ಹಳೆಯದು. 1997ರಲ್ಲಿ ಲಾರಿ ಸಾಗಣೆಯ ಸೇವಾ ತೆರಿಗೆಯನ್ನು ಲಾರಿಯವರ ಬದಲು ಬಾಡಿಗೆ ಕೊಡುವವರ ಮೇಲೆ ಹೊರಿಸಲಾಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮರುವರ್ಷ ಕಾನೂನನ್ನೇ ಪೂರ್ವಾನ್ವಯವಾಗಿ ತಿದ್ದಲಾಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ, ನೋಂದಣಿ ಇಲ್ಲದವರಿಂದ ಏನು ಕೊಂಡರೂ ತೆರಿಗೆ ಕೊಳ್ಳುವವರದೇ ಎಂಬ ನಿಯಮವೂ ಜೊತೆಗೆ ಬಂತು. ಅಕ್ಟೋಬರ್ 13ರ ಹೊತ್ತಿಗೆ ಅದನ್ನು ತಡೆಹಿಡಿಯಬೇಕಾಯಿತು. ಉಳಿದದ್ದು ಲಾರಿ ಏಜೆನ್ಸಿಯ ಬಾಡಿಗೆ, ವಕೀಲರ ಶುಲ್ಕದಂಥ ಅಧಿಸೂಚಿತ ಬಾಬ್ತುಗಳ ಪಟ್ಟಿ. ಆ ಪಟ್ಟಿ ಮಾತ್ರ ಬೆಳೆಯುತ್ತಲೇ ಇದೆ.

2024ರ ಅಕ್ಟೋಬರ್ 10ರಿಂದ ವಾಣಿಜ್ಯ ಕಟ್ಟಡದ ಬಾಡಿಗೆಯೂ ಪಟ್ಟಿ ಸೇರಿತು. ಮಾಲೀಕರಿಗೆ ನೋಂದಣಿ ಇಲ್ಲದೆ ಬಾಡಿಗೆದಾರರಿಗೆ ಇದ್ದರೆ, ಶೇ 18 ತೆರಿಗೆ ಬಾಡಿಗೆದಾರರದು. ವರಮಾನ ಸೋರಿಕೆ ತಡೆಯುವುದೇ ಉದ್ದೇಶ ಎಂದು ಜಿಎಸ್‌ಟಿ ಮಂಡಳಿ ಹೇಳಿತು. ಸಣ್ಣವರೆಂದು ಕಾನೂನೇ ಹೊರಗಿಟ್ಟ ಮಾಲೀಕರ ಆದಾಯ ಯಾವ ಲೆಕ್ಕದಲ್ಲಿ ಸೋರಿಕೆಯಾಯಿತೋ!

ಬಾಡಿಗೆದಾರರು ತಮ್ಮ ಹೆಸರಿನಲ್ಲಿ ತಾವೇ ಬಿಲ್ ಬರೆದುಕೊಳ್ಳಬೇಕು. 2024ರ ನವೆಂಬರ್‌ನಿಂದ ಇದಕ್ಕೆ 30 ದಿನಗಳ ಗಡುವಿದೆ. ತೆರಿಗೆಯನ್ನು ಖಾತೆಯಲ್ಲಿರುವ ಇನ್‌ಪುಟ್ ಕ್ರೆಡಿಟ್‌ನಿಂದ, ಅಂದರೆ ಖರೀದಿಗಳ ಮೇಲೆ ಈಗಾಗಲೇ ಕೊಟ್ಟ ತೆರಿಗೆಯ ಜಮೆಯಿಂದ, ಹೊಂದಿಸುವಂತಿಲ್ಲ. ನಗದು ಲೆಡ್ಜರ್‌ಗೆ ಹಣ ತುಂಬಿಯೇ ಕಟ್ಟಬೇಕು. GSTR-3B ರಿಟರ್ನ್‌ನ 3.1(d) ಕೋಷ್ಟಕದಲ್ಲಿ ಅದನ್ನು ತೋರಿಸಬೇಕು. ತಡವಾದರೆ ವರ್ಷಕ್ಕೆ ಶೇ 18 ಬಡ್ಡಿ.

ಬಟ್ಟೆ ಅಂಗಡಿಯವರಿಗೆ ಇದು ಹೆಚ್ಚೆಂದರೆ ಕೆಲವು ದಿನ ಕೈ ಕಟ್ಟಿಹಾಕುವ ಹಣ. ಕಟ್ಟಿದ 7,200 ರೂಪಾಯಿಯನ್ನು ಅದೇ ತಿಂಗಳು ಕ್ರೆಡಿಟ್ ಪಡೆದು ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬಹುದು. ನಮ್ಮ ಮೊದಲ ಹೋಟೆಲಿನಂತೆ ಗ್ರಾಹಕರಿಂದ ಶೇ 5 ತೆರಿಗೆ ಪಡೆಯುವ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲವೇ ಇಲ್ಲ. ಹಾಗಾಗಿ ಪೂರ್ತಿ ಮೊತ್ತ ಖರ್ಚಿಗೆ ಸೇರುತ್ತದೆ, ವರ್ಷಕ್ಕೆ 86,400 ರೂಪಾಯಿ. ಮಾಲೀಕರು ಸ್ವತಃ ನೋಂದಣಿ ಮಾಡಿಸಿ ಬಿಲ್ ಕೊಟ್ಟರೂ ದರ ಅಷ್ಟೇ ಆದ್ದರಿಂದ ಅದರಿಂದ ಉಪಯೋಗವಿಲ್ಲ.

ಪಕ್ಕದ ಹೋಟೆಲಿನವರು ರಾಜಿ ತೆರಿಗೆಯಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಒಂದು ಪಾಲನ್ನು ತೆರಿಗೆಯಾಗಿ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿ ಇದ್ದಾರೆ. ಅಂಥವರಿಗೂ ಕ್ರೆಡಿಟ್ ಸಿಗುವುದಿಲ್ಲ ಎಂಬ ದೂರು ಎದ್ದ ಮೇಲೆ 2025ರ ಜನವರಿ 16ರಿಂದ ಅವರನ್ನು ಬಾಡಿಗೆಯ ಈ ನಿಯಮದಿಂದ ಕೈಬಿಡಲಾಯಿತು. ಅದೇ ಕಾರಣ ಶೇ 5ರ ಹೋಟೆಲಿಗೂ ಒಪ್ಪುತ್ತಿತ್ತು. ವಿನಾಯಿತಿ ಅಲ್ಲಿಯತನಕ ಬರಲಿಲ್ಲ.

ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ಮೊದಲ ಹೋಟೆಲಿನವರೂ ಸಾಮಾನ್ಯವಾಗಿ ರಾಜಿ ತೆರಿಗೆಗೆ ಹೋಗಬಹುದು. ಆಗ ಬಾಡಿಗೆಯ ತೆರಿಗೆ ತಪ್ಪುತ್ತದೆ. ಆದರೆ ಗ್ರಾಹಕರಿಂದ ತೆರಿಗೆ ಪಡೆಯುವಂತಿಲ್ಲ, ವಹಿವಾಟಿನ ಶೇ 5 ಕೈಯಿಂದಲೇ ಕಟ್ಟಬೇಕು. ಈ ಬದಲಾವಣೆಗೆ ಆರ್ಥಿಕ ವರ್ಷ ಆರಂಭವಾಗುವ ಮೊದಲೇ ಅರ್ಜಿ ಹಾಕಬೇಕು.