ಫೋಟೊದಲ್ಲಿ ಮೇಲುಗೆರೆ ತುಂಡಾಗಿದೆಯೇ, ಇಲ್ಲವೇ?

ಪ್ರಶ್ನೆ: ಡಿಜಿಟಲ್ ಸರ್ಕಿಟ್ ಅಭ್ಯಾಸ ಹಾಳೆಯ ಫೋಟೊ ಕಳುಹಿಸಿದ್ದೇನೆ. ಅದರಲ್ಲಿರುವ ಲೆಕ್ಕವನ್ನು ಸಂಕ್ಷೇಪಿಸಿದರೆ ನನಗೆ ಒಂದು ಉತ್ತರ ಬರುತ್ತದೆ, ಗೆಳತಿಗೆ ಇನ್ನೊಂದು. ಟ್ರೂತ್ ಟೇಬಲ್ ಬರೆದರೆ ಯಾರದು ಸರಿ ಎಂದು ತಿಳಿಯುತ್ತದೆಯೇ?
(ಡಿಪ್ಲೊಮಾ ವಿದ್ಯಾರ್ಥಿನಿ, ಗಂಗಾವತಿ)

ಉತ್ತರ: ಅರ್ಧ ತಿಳಿಯುತ್ತದೆ. ನೀವಿಬ್ಬರೂ ಸಂಕ್ಷೇಪಿಸುವುದರಲ್ಲಿ ಎಡವಿಲ್ಲ, ಬೇರೆ ಬೇರೆ ಲೆಕ್ಕವನ್ನು ಓದಿಕೊಂಡಿದ್ದೀರಿ. ಜೆರಾಕ್ಸಿನ ಜೆರಾಕ್ಸ್ ತೆಗೆದು, ಅದನ್ನು ಮೊಬೈಲಿನಲ್ಲಿ ಸೆರೆಹಿಡಿದರೆ ಮೊದಲು ಮಾಸುವುದು ಅಕ್ಷರಗಳ ಮೇಲಿನ ಸಣ್ಣ ಗೆರೆ. ಈ ಫೋಟೊದಲ್ಲಿ A+B ಮೇಲಿನ ಗೆರೆ ಕೂಡಿಸುವ ಚಿಹ್ನೆಯ ನೆತ್ತಿಯ ಮೇಲೆ ಮಸುಕಾಗಿದೆ. ಗೆರೆ ಇಡಿಯಾಗಿದ್ದರೆ ಮೊದಲು ಕೂಡಿಸಿ, ಬಂದದ್ದನ್ನು ತಲೆಕೆಳಗು ಮಾಡಬೇಕು. ಎರಡು ತುಂಡಾಗಿದ್ದರೆ A, B ಎರಡನ್ನೂ ಬೇರೆಬೇರೆಯಾಗಿ ತಲೆಕೆಳಗು ಮಾಡಿ ಆಮೇಲೆ ಕೂಡಿಸಬೇಕು. ಗೆರೆಯ ಬದಲು ಇಲ್ಲಿ ' ಚಿಹ್ನೆ ಬಳಸಿದ್ದೇನೆ:

```
ಇಡೀ ಗೆರೆ:   Y = (A+B)' + AB'
ತುಂಡು ಗೆರೆ:  Y = A' + B' + AB'
```

ಇಡೀ ಗೆರೆಯ ಲೆಕ್ಕದಲ್ಲಿ ಪ್ರತಿ ತುಣುಕಿಗೂ ಒಂದೊಂದು ಕಂಬಸಾಲು ಕೊಡಿ. ನೇರವಾಗಿ Y ತುಂಬಲು ಹೊರಟರೆ ತಪ್ಪು ನುಸುಳಿದ ಜಾಗ ಸಿಗುವುದಿಲ್ಲ.

```
A B  (A+B)'  AB'  Y
0 0    1      0   1
0 1    0      0   0
1 0    0      1   1
1 1    0      0   0
```

Y ಕಂಬಸಾಲನ್ನು B ಪಕ್ಕದಲ್ಲಿಟ್ಟು ನೋಡಿ. B ಸೊನ್ನೆಯಾದಲ್ಲೆಲ್ಲ Y ಒಂದು, B ಒಂದಾದಲ್ಲೆಲ್ಲ Y ಸೊನ್ನೆ. A ಏನೇ ಆಗಿರಲಿ, ಲೆಕ್ಕಕ್ಕಿಲ್ಲ. ಹಾಗಾಗಿ ಉತ್ತರ B'. ಬರೆದು ತೋರಿಸಬೇಕೆಂದರೆ, Y ಒಂದಾಗಿರುವ ಎರಡು ಸಾಲುಗಳನ್ನು ಎತ್ತಿಕೊಳ್ಳಿ:

```
A'B' + AB' = B'(A'+A) = B'
```

ಇನ್ನು ತುಂಡು ಗೆರೆ. ಅದರ ಕೋಷ್ಟಕದಲ್ಲಿ ಬದಲಾಗುವುದು ಒಂದೇ ಸಾಲು: A=0, B=1 ಇದ್ದಾಗ Y ಒಂದಾಗುತ್ತದೆ, ಏಕೆಂದರೆ A' ಒಂದೇ ಅದಕ್ಕೆ ಸಾಕು. ಈಗ Y ಸೊನ್ನೆಯಾಗುವುದು ಎರಡೂ ಒಂದಾಗಿರುವ ಕೊನೆಯ ಸಾಲಿನಲ್ಲಿ ಮಾತ್ರ. ಅದು ನ್ಯಾಂಡ್ ಗೇಟ್, ಅಂದರೆ A'+B'. ನಿಮ್ಮ ಗೆಳತಿಯ ಉತ್ತರ ಇದೇ.

ಆದರೆ ಯಾವ ಗೆರೆ ಅಚ್ಚಾಗಿತ್ತು ಎಂಬುದನ್ನು ಯಾವ ಕೋಷ್ಟಕವೂ ಹೇಳದು. ಮೂಲ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕೂಡಿಸುವ ಚಿಹ್ನೆಯ ನೇರ ಮೇಲೆ ಶಾಯಿ ಇದೆಯೇ ನೋಡಿ. ಲೆಕ್ಕದ ಜೊತೆ ಸರ್ಕಿಟ್ ಚಿತ್ರವಿದ್ದರೆ ಇನ್ನೂ ಸುಲಭ: A, B ಎರಡೂ ಒಂದೇ ನಾರ್ ಗೇಟಿಗೆ ಹೋಗುತ್ತಿದ್ದರೆ ಗೆರೆ ಇಡಿಯಾಗಿದೆ, ಬೇರೆ ಬೇರೆ ಇನ್ವರ್ಟರ್ ದಾಟಿ ಆರ್ ಗೇಟಿಗೆ ಬರುತ್ತಿದ್ದರೆ ತುಂಡಾಗಿದೆ. ಬ್ರೆಡ್‌ಬೋರ್ಡ್ ಮೇಲೆ ಆಗಲೇ ಜೋಡಿಸಿದ್ದರೆ A ಯನ್ನು ಗ್ರೌಂಡಿಗೆ, B ಯನ್ನು 5 ವೋಲ್ಟಿಗೆ ಕೊಡಿ. ಎಲ್‌ಇಡಿ ಹತ್ತಿದರೆ ನೀವು ಜೋಡಿಸಿರುವುದು ಗೆಳತಿಯ ಲೆಕ್ಕ.