ಇಬ್ಲೀಸ್ ಮಲಕ್ಕಾ, ಜಿನ್ನಾ?

ಒಬ್ಬ ಓದುಗರು ಕೇಳಿದಾರೆ: "ಆದಮರಿಗೆ ಸುಜೂದ್ ಮಾಡಿ ಅಂತ ಅಲ್ಲಾಹ್ ಹೇಳಿದ್ದು ಮಲಕ್‌ಗಳಿಗೆ ತಾನೇ, ಇಬ್ಲೀಸ್ ಮಲಕ್ ಅಲ್ಲದಿದ್ರೆ ಅವನಿಗೇಕೆ ಶಿಕ್ಷೆ?"

ಪ್ರಶ್ನೆ ಹಳೇದು, ಕ್ಲಾಸಿಕಲ್ ವಿದ್ವಾಂಸರೂ ಇದರ ಮೇಲೆ ಸಾಕಷ್ಟು ವಾದ ಮಾಡಿದಾರೆ. ಎರಡನೇ ಸೂರಾದ 34ನೇ ಆಯತ್‌ನಲ್ಲಿ ಎಲ್ಲಾ ಮಲಕ್‌ಗಳೂ ಸುಜೂದ್ ಮಾಡಿದ್ರು, ಇಬ್ಲೀಸ್ ಒಬ್ಬ ಬಿಟ್ಟು ಅಂತಿದೆ, ಇದನ್ನ ಓದಿದ್ರೆ ಅವನೂ ಅದೇ ಗುಂಪಿನವನು ಅನ್ಸುತ್ತೆ. ಆದ್ರೆ 18ನೇ ಸೂರಾದ 50ನೇ ಆಯತ್ ಅವನು ಜಿನ್ನ್‌ಗಳವನು ಅಂತ ನೇರವಾಗೇ ಹೇಳುತ್ತೆ, ಅವನಿಗೆ ಸಂತಾನ ಇದೆ ಅಂತಾನೂ ಹೇಳುತ್ತೆ. ಅದರ ಜೊತೆ ಸಹೀಹ್ ಮುಸ್ಲಿಮ್‌ನ ಹದೀಸ್ ಒಂದಿದೆ, ಮಲಕ್‌ಗಳು ಬೆಳಕಿನಿಂದ, ಜಿನ್ನ್‌ಗಳು ಬೆಂಕಿಯಿಂದ ಅಂತ. ಇಬ್ಲೀಸ್ ತಾನೇ "ನನ್ನನ್ನ ಬೆಂಕಿಯಿಂದ ಮಾಡಿದೀಯ" ಅಂತ ಜಂಬ ಕೊಚ್ಚಿದ್ದು ಗೊತ್ತೇ ಇದೆಯಲ್ಲ.

ಹಸನ್ ಬಸ್ರಿ (ಮರಣ 728) ಕಣ್ಣು ಮಿಟುಕಿಸುವಷ್ಟು ಹೊತ್ತೂ ಅವನು ಮಲಕ್ ಆಗಿರ್ಲಿಲ್ಲ ಅಂದುಬಿಟ್ರು, ಮನುಷ್ಯರಿಗೆ ಆದಮ್ ಹೇಗೋ ಜಿನ್ನ್‌ಗಳಿಗೆ ಇವನು ಹಾಗೆ ಮೂಲ ಅಂತ. ಹಾಗಾದ್ರೆ ಆಜ್ಞೆ ಅವನಿಗೆ ಹೇಗೆ ಅನ್ವಯ ಆಯ್ತು? ಅವನು ಆಗ ಮಲಕ್‌ಗಳ ನಡುವೆಯೇ ಇದ್ದ, ಸಭೆಗೆ ಕೊಟ್ಟ ಆಜ್ಞೆ ಅವನಿಗೂ ತಗುಲ್ತು ಅನ್ನೋದು ಈ ಕಡೆಯವರ ಉತ್ತರ. ಏಳನೇ ಸೂರಾದ 12ನೇ ಆಯತ್‌ನಲ್ಲಿ "ನಾನು ಆಜ್ಞೆ ಕೊಟ್ಟಾಗ" ಅಂತ ಅವನನ್ನೇ ಕೇಳಿರೋದ್ರಿಂದ ನನಗೂ ಇದೇ ಸರಿ ಅನ್ಸುತ್ತೆ.

ತಬರಿ (ಮರಣ 923) ಒಪ್ಪಲಿಲ್ಲ. ಇಬ್ನ್ ಅಬ್ಬಾಸರಿಂದ ಬಂದ ವರದಿಗಳಲ್ಲಿ "ಜಿನ್ನ್" ಅನ್ನೋದು ಮಲಕ್‌ಗಳದ್ದೇ ಒಂದು ಕುಲ ಅಂತಿತ್ತು, ಅಲ್ಲದೆ ಅಲ್ಲಾಹ್ ಕೆಲವು ಮಲಕ್‌ಗಳನ್ನ ಬೆಳಕಿನಿಂದ ಕೆಲವನ್ನ ಬೆಂಕಿಯಿಂದ ಮಾಡಿರಬಾರದು ಅಂತೇನಿಲ್ವಲ್ಲ ಅಂದ್ರು. ಮಲಕ್‌ಗಳು ಮಾತು ಮೀರಲ್ಲ ಅಂತ 66ನೇ ಸೂರಾದಲ್ಲಿದೆಯಲ್ಲ ಅಂತ ಕೇಳಬಹುದು, ಆದ್ರೆ ಆ ಆಯತ್ ನರಕ ಕಾಯೋ ಮಲಕ್‌ಗಳ ಬಗ್ಗೆ, ಹಾಗಾಗಿ ಅದೊಂದರಿಂದಲೇ ಜಗಳ ಮುಗಿಯಲ್ಲ.

ಗಮನಿಸಿ, ಎರಡೂ ಕಡೆಯವರು ಕೈ ಹಾಕಿದ್ದು ಆಯತ್ ಮತ್ತು ವರದಿಗಳಿಗೇ. ನಂಬಿಕೆಯ ವಿಷಯಗಳನ್ನ ತರ್ಕದಿಂದ ಚರ್ಚಿಸೋ ಕಲಾಮ್ ವಿದ್ವಾಂಸರು ಇಂಥ ಗೈಬ್‌ನ ವಿಷಯಗಳನ್ನ ಸಮ್‌ಇಯ್ಯಾತ್ ಅಂತ ಬೇರೆ ಇಟ್ರು, ಅಂದ್ರೆ ಕೇಳಿ ತಿಳಿಯೋ ವಿಷಯಗಳು. ಇಂಥದ್ದು ಇರೋಕೆ ಸಾಧ್ಯ ಅಂತಷ್ಟೇ ಬುದ್ಧಿ ಹೇಳಬಲ್ಲದು, ನಿಜಕ್ಕೂ ಇದೆ ಅಂತ ಹೇಳೋಕೆ ನಂಬಬಹುದಾದ ವರದಿಯೇ ಬೇಕು. ಮಲಕ್‌ಗಳನ್ನ ನಂಬೋದು ಈಮಾನಿನ ಭಾಗ, ಜಿನ್ನ್‌ಗಳ ಅಸ್ತಿತ್ವವೂ ಕುರ್‌ಆನ್‌ನಲ್ಲೇ ಇರೋದ್ರಿಂದ ಅಲ್ಲಗಳೆಯೋ ಹಾಗಿಲ್ಲ, ಆದ್ರೆ ಇಬ್ಲೀಸ್ ಯಾವ ಕುಲ ಅನ್ನೋದ್ರಲ್ಲಿ ತಬರಿ ಕಡೆ ನಿಂತವರನ್ನ ಯಾರೂ ಈಮಾನಿನ ಹೊರಗೆ ಹಾಕಲಿಲ್ಲ.

ಇನ್ನು ಅವನ ಹಳೇ ಹೆಸರು, ಆಕಾಶದಲ್ಲಿದ್ದ ಅವನ ಹುದ್ದೆ ಅಂತೆಲ್ಲ ಕಥೆಗಳು ಓಡಾಡ್ತವಲ್ಲ, ಅವುಗಳಲ್ಲಿ ಹೆಚ್ಚಿನವು ಇಸ್ರಾಈಲಿಯ್ಯಾತ್, ಅಂದ್ರೆ ಹಿಂದಿನ ಸಮುದಾಯಗಳ ಕಡೆಯಿಂದ ಬಂದ ಕಥೆಗಳು, ಅಂತ ಇಬ್ನ್ ಕಸೀರ್ (ಮರಣ 1373) ಎಚ್ಚರಿಸಿದಾರೆ.